ಅಳೆದಿಲ್ಲ ಎಂದು ಬರೆದವಳು

ಸುಮಿತಾ ಹುಟ್ಟಿದ ದಿನ ಯಾವುದೆಂದು ಅವಳ ತಾಯಿ ಬೋಜಮ್ಮನಿಗೂ ಸರಿಯಾಗಿ ನೆನಪಿಲ್ಲ. ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ, ಕಾಫಿ ಹೂವೆಲ್ಲ ಬಾಡಿ ಉದುರಿದ ಮೇಲೆ, ಮಳೆ ಹಿಡಿಯುವ ಮುಂಚೆ ಹುಟ್ಟಿದವಳು ಎಂಬುದಷ್ಟೇ ಗೊತ್ತು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ತಲೆ ಕೆಡಿಸಿಕೊಳ್ಳದೆ ಜೂನ್ ಒಂದು ಎಂದು ಬರೆದರು. ಲೈನಿನಿಂದ ಬಂದ ಮಕ್ಕಳೆಲ್ಲರೂ ಆ ಶಾಲೆಯಲ್ಲಿ ಜೂನ್ ಒಂದರಂದೇ ಹುಟ್ಟಿದವರು. ಪಿಯುಸಿಗೆ ಅರ್ಜಿ ಹಾಕುವಾಗ ಸುಮಿತಾ ಜನ್ಮದಿನದ ಜಾಗವನ್ನು ಖಾಲಿ ಬಿಟ್ಟಿದ್ದಳು. ಕೌಂಟರಿನ ಗುಮಾಸ್ತ ಅರ್ಜಿಯನ್ನು ಅವಳ ಮುಖಕ್ಕೆ ಹಿಡಿದು, "ಏನಮ್ಮ, ನೀನು ಹುಟ್ಟೇ ಇಲ್ವಾ?" ಎಂದ.

"ಹುಟ್ಟಿದ್ದೀನಿ ಸರ್. ದಿನ ಗೊತ್ತಿಲ್ಲ."

"ಟೀಸೀಲಿ ಜೂನ್ ಒಂದು ಅಂತ ಇದೆಯಲ್ಲ!"

"ಅದು ಹೆಡ್‌ಮಾಸ್ಟ್ರು ಬರೆದದ್ದು."

ಕೊನೆಗೆ ಜೂನ್ ಒಂದೆಂದೇ ಬರೆಯಬೇಕಾಯಿತು. ಬರೆದಳು. ಆದರೆ ಮೈಯೆಲ್ಲ ಉರಿಯಿತು. ಅಪ್ಪ ಕಾಳ ತೀರಿಕೊಂಡ ಮೇಲೆ ಬೋಜಮ್ಮ ಒಬ್ಬಳೇ ಕಾಫಿ ಪಿಕ್ಕಿಂಗ್, ಕಳೆ, ರೆಂಬೆ ಸವರುವ ಕಪಾತು ಎಂದು ದುಡಿದು ಮಗಳನ್ನು ಓದಿಸಿದವಳು. ಹಾಸ್ಟೆಲಿನಲ್ಲಿದ್ದುಕೊಂಡು ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದ ಸುಮಿತಾ, ಊರಿಗೆ ಬಂದು ಸಿದ್ದಾಪುರದ ಆಚೆಗಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಡಯಟಿಶಿಯನ್ ಆಗಿ ಸೇರಿದಳು. ಕೆಲಸ ಕಾಂಟ್ರಾಕ್ಟಿನದು, ವರ್ಷ ವರ್ಷವೂ ಹೊಸದಾಗಿ ಬರೆದುಕೊಡುವಂಥದು.

ಆ ಆಸ್ಪತ್ರೆಗೆ ಬರುವವರು ಹೆಚ್ಚಿನವರು ತೋಟದ ಜನ. ಸಕ್ಕರೆ ಕಾಯಿಲೆಯವರು, ರಕ್ತ ಕಡಿಮೆಯಾದ ಬಸುರಿಯರು, ಹೃದಯದ ಕವಾಟ ಬದಲಾಯಿಸಿಕೊಂಡವರು. ಸುಮಿತಾ ಅವರನ್ನು ಎದುರಿಗೆ ಕೂರಿಸಿಕೊಂಡು ನಿನ್ನೆ ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಕೇಳುವಳು. ಕನ್ನಡ ಬಾರದವರೊಂದಿಗೆ ಮಲಯಾಳವನ್ನೋ ತಮಿಳನ್ನೋ ಹರಕುಮುರುಕಾಗಿಯಾದರೂ ಆಡುವಳು. ಬೆಂಗಳೂರಿನಿಂದ ಬಂದ ಚಾರ್ಟಿನಲ್ಲಿ ಓಟ್ಸು, ಸೇಬು, ಬ್ರೊಕೋಲಿಯ ಚಿತ್ರಗಳಿದ್ದವು. ಅದನ್ನು ನೋಡಿದ ಅಜ್ಜಿಯೊಬ್ಬಳು, "ಇದ್ರಲ್ಲಿ ನಾವು ತಿನ್ನೋದು ಯಾವ್ದೂ ಇಲ್ವಲ್ಲ ಮಗಾ" ಎಂದಿದ್ದಳು. ಆ ಮಾತು ಸುಮಿತಾಳ ತಲೆಯಲ್ಲಿ ಕೂತುಬಿಟ್ಟಿತ್ತು.

ಹಾಗಾಗಿ ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ಒಂದು ಪುಸ್ತಿಕೆ ತರಬೇಕು, ಅದರಲ್ಲಿ ಕೊಡಗಿನ ಆಹಾರಗಳ ವಿಟಮಿನ್ ಪಟ್ಟಿ ಇರಬೇಕು ಎಂದು ಆಡಳಿತ ನೋಡಿಕೊಳ್ಳುವ ಡಾಕ್ಟರ್ ಅನಿಲ್‌ಕುಮಾರ್ ಹೇಳಿದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅರ್ಧ ಕೆಲಸ ಆಗಲೇ ಆಗಿತ್ತು. ಅವಳಿಗಿಂತ ಮುಂಚೆ ಇದ್ದ ಡಯಟಿಶಿಯನ್ ಒಂದು ಪಟ್ಟಿ ಶುರುಮಾಡಿ ಬಿಟ್ಟುಹೋಗಿದ್ದಳು. ಎಡಕ್ಕೆ ಆಹಾರದ ಹೆಸರು, ಮೇಲ್ಗಡೆ ಎ, ಸಿ, ಡಿ, ಕೆ, ಫೋಲೇಟ್, ಬಿ-ಹನ್ನೆರಡು. ನುಗ್ಗೆಸೊಪ್ಪು, ಕಿತ್ತಳೆ, ಮೊಟ್ಟೆಯ ಸಾಲುಗಳು ತುಂಬಿದ್ದವು. ಕೆಸುವಿನ ಸೊಪ್ಪು, ಕಣಿಲೆ, ಗದ್ದೆ ಏಡಿ, ಮಳೆಗಾಲದ ಅಣಬೆ, ಮದ್ದು ಸೊಪ್ಪು ಇವುಗಳ ಮುಂದೆ ಬಹುಪಾಲು ಖಾಲಿ.

"ಉಳಿದದ್ದು ತುಂಬಿಸಿಬಿಡಿ, ಅಷ್ಟೇ" ಎಂದರು ಅನಿಲ್‌ಕುಮಾರ್.

ಅಷ್ಟೇ ಆಗಿರಲಿಲ್ಲ. ಮೊದಲು ತುಂಬಿದ ಸಾಲುಗಳನ್ನೇ ನೋಡಿದಳು. ಮೊಟ್ಟೆಯ ಎ ವಿಟಮಿನ್ ಹಳೆಯ ಅಳತೆಯಲ್ಲಿತ್ತು, ನುಗ್ಗೆಯದು ಹೊಸ ಅಳತೆಯಲ್ಲಿತ್ತು. ಒಂದೇ ಕಾಲಮ್ಮಿನಲ್ಲಿ ಎರಡು ಅಳತೆ ಇದ್ದರೆ ಓದುವವರು ಮೋಸಹೋಗುತ್ತಾರೆ, ಅದನ್ನು ಸರಿಮಾಡಿದಳು. ಆಮೇಲೆ ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯವರು ಪ್ರಯೋಗಾಲಯದಲ್ಲಿ ಅಳೆದು ಪ್ರಕಟಿಸಿದ ಅಂಕಿಗಳನ್ನು ಹಿಡಿದು ಕೂತಳು. ಕೆಸುವಿನ ಸೊಪ್ಪು ಸಿಕ್ಕಿತು. ಕಣಿಲೆ ಎಂದರೆ ಎಳೆ ಬಿದಿರು, ಅದೂ ಸಿಕ್ಕಿತು, ಆದರೆ ಹಸಿಯದು. ನಮ್ಮವರು ಕಣಿಲೆಯನ್ನು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಬೇಯಿಸಿ ತಿನ್ನುತ್ತಾರೆ. ಅಷ್ಟರಲ್ಲಿ ಸಿ ವಿಟಮಿನ್ ಎಷ್ಟೋ ನೀರಿನ ಜೊತೆ ಹೋಗಿರುತ್ತದೆ. ಹಾಗಾಗಿ ಆ ಅಂಕಿಯ ಪಕ್ಕದಲ್ಲಿ 'ಹಸಿಯದು' ಎಂದು ಬರೆದಳು. ಸೊಪ್ಪುಗಳ ಬಿ-ಹನ್ನೆರಡರ ಚೌಕಗಳಲ್ಲಿ ಧೈರ್ಯವಾಗಿ ಸೊನ್ನೆ ಹಾಕಿದಳು. ಗಿಡಗಳು ಅದನ್ನು ತಯಾರಿಸುವುದಿಲ್ಲ ಎಂಬುದು ಗೊತ್ತಿದ್ದ ಸಂಗತಿ, ಅದು ಊಹೆಯಲ್ಲ.

ಕಡಲ ಏಡಿಯನ್ನು ಅಳೆದವರಿದ್ದರು, ಗದ್ದೆ ಏಡಿಯನ್ನು ಅಳೆದವರು ಕಾಣಲಿಲ್ಲ. ಶೆಡ್ಡಿನಲ್ಲಿ ಬೆಳೆಸಿದ ಅಣಬೆಯ ಅಂಕಿ ಇತ್ತು, ಕಾಡಿನ ಅಣಬೆಯದು ಇರಲಿಲ್ಲ. ಅಣಬೆಯಲ್ಲಿ ಡಿ ವಿಟಮಿನ್ ಎಷ್ಟಿರುತ್ತದೆ ಎಂಬುದು ಅದಕ್ಕೆ ಬಿದ್ದ ಬಿಸಿಲಿನ ಮೇಲೆ ನಿಂತಿದೆ. ಕತ್ತಲೆ ಶೆಡ್ಡಿನದನ್ನು ತಂದು ಕಾಡಿನದಕ್ಕೆ ಅಂಟಿಸುವ ಹಾಗಿಲ್ಲ. ಇನ್ನು ಮದ್ದು ಸೊಪ್ಪು. ಮಳೆಗಾಲದ ನಡುವೆ ಬರುವ ಕಕ್ಕಡ ತಿಂಗಳ ಹದಿನೆಂಟಕ್ಕೆ ಮನೆಮನೆಯಲ್ಲೂ ಬೇಯಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುವ ಸೊಪ್ಪು. ಹದಿನೆಂಟು ಬಗೆಯ ಔಷಧಿ ಅದರೊಳಗೆ ಇಳಿದಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ವಿಟಮಿನ್ ಎಷ್ಟು ಇಳಿದಿದೆ ಎಂದು ಹೇಳುವ ನಂಬಬಹುದಾದ ಒಂದು ಸಾಲೂ ಅವಳಿಗೆ ಸಿಗಲಿಲ್ಲ. ಒಂದು ಕಡೆ ಸಿಕ್ಕ ಅಂಕಿ ಒಣಗಿಸಿ ಪುಡಿಮಾಡಿದ ಎಲೆಯದು. ನೀರೆಲ್ಲ ಆರಿದ ಪುಡಿಯಲ್ಲಿ ಎಲ್ಲವೂ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ. ಅದನ್ನು ಹಸಿ ಸೊಪ್ಪಿನ ಮುಂದೆ ಬರೆದರೆ ಹಸಿಸುಳ್ಳು.

ಅಂಥ ಚೌಕಗಳಲ್ಲೆಲ್ಲ ಅವಳು 'ಅಳೆದಿಲ್ಲ' ಎಂದು ಬರೆದಳು.

ಅನಿಲ್‌ಕುಮಾರ್ ಪಟ್ಟಿ ನೋಡಿ ಕನ್ನಡಕ ತೆಗೆದರು. ಅವರು ಸೋಮವಾರಪೇಟೆ ಕಡೆಯವರು, ಕೆಟ್ಟವರೇನಲ್ಲ. ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಬಂದದ್ದು ಅವರ ಓಡಾಟದಿಂದಲೇ.

"ಇದೇನ್ರೀ ಸುಮಿತಾ? ಅಳೆದಿಲ್ಲ, ಅಳೆದಿಲ್ಲ, ಅಳೆದಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಪುಸ್ತಕ ಯಾಕ್ರೀ ಮಾಡ್ಬೇಕು?"

"ಗೊತ್ತಿರೋದನ್ನ ಬರೆದಿದ್ದೀನಿ ಸರ್. ಉಳಿದದ್ದು ಯಾರಿಗೂ ಗೊತ್ತಿಲ್ಲ, ನಮಗೊಬ್ಬರಿಗೇ ಅಲ್ಲ."

"ಹತ್ತಿರದ್ದು ಯಾವುದಾದ್ರೂ ಹಾಕಿ. ಸೊಪ್ಪು ಸೊಪ್ಪೇ ತಾನೇ? ಪಾಲಕ್‌ದು ಹಾಕಿ. ಇಲ್ಲಾಂದ್ರೆ ಖಾಲಿ ಬಿಡೋ ಬದ್ಲು ಸೊನ್ನೆ ಹಾಕಿ."

"ಸೊನ್ನೆ ಅಂದ್ರೆ ಅಳೆದು ನೋಡಿದ್ವಿ, ಇಲ್ಲ ಅಂತ ಅರ್ಥ ಸರ್. ಅಳೆದೇ ಇಲ್ಲ ಅನ್ನೋದು ಬೇರೆ. ಪಾಲಕ್‌ದು ಹಾಕಿದ್ರೆ ಅದು ಪಾಲಕ್ ಆಯ್ತು, ಮದ್ದು ಸೊಪ್ಪು ಆಗಲ್ಲ."

ಅವರು ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ನೋಡಿ, ನಿಮ್ಮಂಥ ಹುಡುಗಿ ಇಲ್ಲೀವರೆಗೆ ಬಂದಿರೋದೇ ದೊಡ್ಡದು. ಸ್ವಲ್ಪ ಹೊಂದಿಕೊಂಡು ಹೋಗೋದನ್ನ ಕಲೀಬೇಕು."

ನಿಮ್ಮಂಥ ಎಂಬ ಮಾತು ಸುಮಿತಾಳಿಗೆ ಹೊಸದೇನಲ್ಲ. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ಬೇರೆ ಬೇರೆ ಬಾಯಿಂದ ಕೇಳಿದ್ದಳು. "ಹೊಂದಿಕೊಳ್ತೀನಿ ಸರ್, ಅಂಕಿ ಸಿಕ್ಕಿದ ದಿನ ಹಾಕಿಕೊಡ್ತೀನಿ" ಎಂದು ಹೇಳಿ ಹೊರಗೆ ಬಂದಳು.

ಅದಾಗಿ ವಾರ ಕಳೆದಿರಬಹುದು. ಯಮುನಾ ಎಂಬ ಹೆಂಗಸು ರಕ್ತ ಪರೀಕ್ಷೆಗೆ ಬಂದಳು. ಹತ್ತಿರದ ಎಸ್ಟೇಟಿನಲ್ಲಿ ಕೆಲಸ ಮಾಡುವವಳು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಕವಾಟ ಕೆಟ್ಟು, ಮೈಸೂರಿನಲ್ಲಿ ಲೋಹದ ಕವಾಟ ಹಾಕಿಸಿಕೊಂಡಿದ್ದಳು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನವೂ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದಳು. ಸೊಪ್ಪುಗಳಲ್ಲಿರುವ ಕೆ ವಿಟಮಿನ್ ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗೆಂದು ಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ಒಮ್ಮೆಲೇ ಜಾಸ್ತಿ ತಿಂದರೆ ರಕ್ತ ಹೆಪ್ಪುಗಟ್ಟುವ ಭಯ, ಒಮ್ಮೆಲೇ ಬಿಟ್ಟರೆ ರಕ್ತಸ್ರಾವದ ಭಯ. ಇದನ್ನೆಲ್ಲ ಸುಮಿತಾ ಅವಳಿಗೆ ಎಷ್ಟೋ ಸಲ ಹೇಳಿದ್ದಳು.

ಅಂದು ಯಮುನಾ ನಗುತ್ತ ಬಂದು ಕೂತಳು. "ಮೇಡಂ, ಈ ಸಲ ಕಕ್ಕಡ ಹದಿನೆಂಟಕ್ಕೆ ಮದ್ದು ಪಾಯಸ ತಿನ್ಬೋದಲ್ಲಾ? ಹೋದ ಸಲ ನೀವು ಗ್ಯಾರಂಟಿ ಇಲ್ಲ ಅಂದ್ರಿ. ನಮ್ಮ ಲೈನಲ್ಲಿ ದೊಡ್ಡ ಪಾತ್ರೇಲಿ ಮಾಡ್ತಾರೆ."

"ಯಾರು ಹೇಳಿದ್ದು ತಿನ್ಬೋದು ಅಂತ?"

"ನೀವೇ ಬರೆದಿದ್ದೀರಲ್ಲ!" ಯಮುನಾ ಮೊಬೈಲು ತೆಗೆದು ತೋರಿಸಿದಳು. ಹೊರಗಿನ ನೋಟೀಸ್ ಬೋರ್ಡಿನಲ್ಲಿ ಪುಸ್ತಿಕೆಯ ಮಾದರಿ ಪುಟ ಅಂಟಿಸಿದ್ದರು, ಅದರ ಫೋಟೋ. ಮದ್ದು ಸೊಪ್ಪಿನ ಸಾಲು ತುಂಬಿತ್ತು. ಕೆ ವಿಟಮಿನ್ನಿನ ಚೌಕದಲ್ಲಿ ಬಹಳ ಸಣ್ಣದೊಂದು ಅಂಕಿ ಕೂತಿತ್ತು. 'ಅಳೆದಿಲ್ಲ' ಎಂಬುದು ಎಲ್ಲೂ ಇರಲಿಲ್ಲ. ಪುಟದ ಕೆಳಗೆ, ಸಿದ್ಧಪಡಿಸಿದವರು: ಸುಮಿತಾ ಕೆ., ಡಯಟಿಶಿಯನ್.

ಸುಮಿತಾ ಎದ್ದು ಹೊರಗೆ ಹೋಗಿ, ಬೆಂಚಿನಲ್ಲಿ ಕೂತವರೆಲ್ಲ ನೋಡುತ್ತಿರುವಂತೆಯೇ, ಆ ಪುಟವನ್ನು ಬೋರ್ಡಿನಿಂದ ಕಿತ್ತಳು. ಪಿನ್ನುಗಳು ನೆಲದ ಮೇಲೆ ಚದುರಿದವು. ಕಿತ್ತ ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು ಯಮುನಾಳ ಎದುರು ಕೂತಳು.

"ಯಮುನಾ, ಇದು ನಾನು ಬರೆದದ್ದಲ್ಲ. ಈ ಅಂಕಿ ಸುಳ್ಳು. ನಿಜವಾದ್ದು ಎಷ್ಟು ಅಂತ ನನಗೂ ಗೊತ್ತಿಲ್ಲ."

"ಹಂಗಾದ್ರೆ ತಿನ್ಬೋದೋ ಬೇಡ್ವೋ?"

ಸುಮಿತಾ ಕೈಯಲ್ಲಿದ್ದ ಪುಟವನ್ನು ಮತ್ತೊಮ್ಮೆ ನೋಡಿದಳು. 'ಅಳೆದಿಲ್ಲ' ಎಂದು ಬರೆದು ತಾನು ದೊಡ್ಡ ಕೆಲಸ ಮಾಡಿದೆ ಎಂದುಕೊಂಡಿದ್ದಳು. ಆ ಒಂದು ಪದವನ್ನು ಹಿಡಿದುಕೊಂಡು ಯಮುನಾ ಅಡುಗೆಮನೆಗೆ ಹೋಗಿ ಏನು ಮಾಡಬೇಕು? ಕೆ ವಿಟಮಿನ್ ನೀರಿನಲ್ಲಿ ಕರಗುವುದಲ್ಲ, ಆದ್ದರಿಂದ ಪಾಯಸಕ್ಕೆ ಹಾಕುವ ರಸದಲ್ಲಿ ಅದು ಕಡಿಮೆಯೇ ಇರಬಹುದು ಎಂದು ಅವಳ ಬುದ್ಧಿ ಹೇಳುತ್ತಿತ್ತು. ಅದು ಒಳ್ಳೆಯ ಊಹೆಯೇ. ಆದರೂ ಊಹೆ. ಎಲೆಯಲ್ಲಿ ಮಾತ್ರೆಗೆ ಅಡ್ಡಬರುವ ಬೇರೆ ಏನಾದರೂ ಇದ್ದರೆ? ಅವಳು ಯಮುನಾಳನ್ನು, ಅವಳಿಗೆ ಮಾತ್ರೆ ಬರೆದುಕೊಡುವ ಡಾಕ್ಟರ್ ವಿನುತಾ ಅವರ ಕೋಣೆಗೆ ಕರೆದುಕೊಂಡು ಹೋದಳು. ವಿನುತಾ ಅಂದಿನ ರಕ್ತ ಪರೀಕ್ಷೆಯ ಫಲಿತಾಂಶ ನೋಡಿದರು.

"ನಿನ್ನ ರಿಪೋರ್ಟು ಎರಡು ತಿಂಗಳಿಂದ ಏರುಪೇರು ಇದೆ ಕಣಮ್ಮ. ಈ ವರ್ಷ ಬೇಡ. ರಿಪೋರ್ಟು ಒಂದು ಹದಕ್ಕೆ ಬಂದ ಮೇಲೆ, ಮುಂದಿನ ಸಲ ಬೇಕಾದ್ರೆ ಮುಂಚೆ ಒಂದು ಟೆಸ್ಟು, ಆಮೇಲೆ ಒಂದು ಟೆಸ್ಟು ಮಾಡಿ ನೋಡೋಣ. ಮಾತ್ರೆ ಮಾತ್ರ ಒಂದಿನವೂ ತಪ್ಪಿಸಬೇಡ."

ಯಮುನಾ ಮುಖ ಚಿಕ್ಕದು ಮಾಡಿಕೊಂಡು, "ಊರೋರೆಲ್ಲ ತಿಂತಾರೆ, ನಾನೊಬ್ಳು ಮೂಸಿ ನೋಡ್ಬೇಕು" ಎಂದು ಗೊಣಗುತ್ತ ಹೋದಳು. ಆದರೆ ಹೋದದ್ದು ತಿನ್ನಬಾರದೆಂದು ತಿಳಿದುಕೊಂಡು.

ಸುಮಿತಾ ನೆಟ್ಟಗೆ ಕಂಪ್ಯೂಟರ್ ಕೋಣೆಗೆ ನಡೆದಳು. ಪುಸ್ತಿಕೆಯ ಪುಟ ಜೋಡಿಸುತ್ತಿದ್ದವಳು ದಿವ್ಯಶ್ರೀ. ಪುಟ ನೋಡಿದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು.

"ಸರ್ ತುಂಬ್ಸು ಅಂದ್ರು ಅಕ್ಕ. ಮೊಬೈಲಲ್ಲಿ ಎಐ ಇದೆಯಲ್ಲ, ಅದ್ರಲ್ಲಿ ಕೇಳ್ದೆ. ಎಲ್ಲಾನೂ ಟೇಬಲ್ ಮಾಡಿ ಕೊಡ್ತು."

"ಈಗ ಇನ್ನೊಂದ್ಸಲ ಕೇಳು. ಅದೇ ಪ್ರಶ್ನೆ."

ದಿವ್ಯಶ್ರೀ ಕೇಳಿದಳು. ಕೆ ವಿಟಮಿನ್ನಿಗೆ ಬೇರೆ ಅಂಕಿ ಬಂತು, ಮೊದಲಿನದರ ಎಷ್ಟೋ ಪಟ್ಟು ದೊಡ್ಡದು.

"ಮತ್ತೊಂದ್ಸಲ."

ಮೂರನೆಯದು ಎರಡಕ್ಕೂ ಸೇರದ ಅಂಕಿ. ಅಷ್ಟೇ ಗಂಭೀರವಾಗಿ, ಅಷ್ಟೇ ಚೆಂದವಾಗಿ ಗೆರೆ ಎಳೆದು ಕೊಟ್ಟಿತ್ತು.

"ಎಲ್ಲಿಂದ ತಂದೆ ಅಂತ ಕೇಳು."

ಕೇಳಿದರೆ, ಈ ಸೊಪ್ಪಿನ ಬಗ್ಗೆ ಪ್ರಯೋಗಾಲಯದ ಮಾಹಿತಿ ಸಿಗುತ್ತಿಲ್ಲ, ಇದು ಅಂದಾಜು ಮಾತ್ರ ಎಂಬ ಉತ್ತರ ಬಂತು. ದಿವ್ಯಶ್ರೀ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಾನು ಈ ಪ್ರಶ್ನೆ ಕೇಳ್ಲೇ ಇಲ್ಲ ಅಕ್ಕ."

"ನಿನ್ನನ್ನ ಬೈಯೋಕೆ ಬಂದಿಲ್ಲ. ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿಕೊಡು. ತಲೆಬರಹ, 'ಈ ಅಂಕಿ ಎಲ್ಲಿಯದು'."

ಆ ಕಾಲಮ್ಮನ್ನು ಅವಳೇ ಪಕ್ಕದಲ್ಲಿ ಕೂತು ತುಂಬಿಸಿದಳು. ಕೆಸುವಿನ ಸೊಪ್ಪಿನ ಮುಂದೆ ಹೈದರಾಬಾದಿನ ಸಂಸ್ಥೆ. ಕಣಿಲೆಯ ಮುಂದೆ ಅದೇ ಸಂಸ್ಥೆ, ಹಸಿಯದು. ಮದ್ದು ಸೊಪ್ಪು, ಕಾಡಣಬೆ, ಗದ್ದೆ ಏಡಿಯ ಸುಳ್ಳು ಅಂಕಿಗಳನ್ನು ಹಾಗೆಯೇ ಇರಲು ಬಿಟ್ಟು, ಅವುಗಳ ಮುಂದೆ ಟೈಪು ಮಾಡಿಸಿದ್ದು: 'ಡಾ. ಅನಿಲ್‌ಕುಮಾರ್ ಅವರ ಸೂಚನೆಯ ಮೇರೆಗೆ.' ಕೆಳಗಿದ್ದ ತನ್ನ ಹೆಸರನ್ನು ಅಳಿಸಿಸಿದಳು. ಪ್ರಿಂಟು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟಳು.

"ಸಹಿ ಹಾಕಿ ಸರ್. ನಾನು ಪ್ರೆಸ್ಸಿಗೆ ಕೊಟ್ಟು ಬರ್ತೀನಿ."

ಅನಿಲ್‌ಕುಮಾರ್ ಓದಿದರು. ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು. "ಏನಿದು? ನನ್ನ ಹೆಸರು ಯಾಕೆ ಬಂತು ಇಲ್ಲಿ?"

"ಅಂಕಿ ಅಂದ ಮೇಲೆ ಅದಕ್ಕೊಂದು ಮೂಲ ಬೇಕು ಸರ್. ಈ ಅಂಕಿಗಳಿಗೆ ನಿಮ್ಮನ್ನ ಬಿಟ್ಟರೆ ಬೇರೆ ಮೂಲ ಇಲ್ಲ."

"ನಿಮಗೆ ತಲೆ ಕೆಟ್ಟಿದೆಯಾ? ನಾನು ಯಾವ ಸೊಪ್ಪನ್ನೂ ಅಳೆದಿಲ್ಲ!"

"ಅದನ್ನೇ ನಾನು ಬರೆದಿದ್ದೆ ಸರ್. ಅಳೆದಿಲ್ಲ ಅಂತ."

ಸುಮಿತಾ ಬೋರ್ಡಿನಿಂದ ಕಿತ್ತ ಪುಟವನ್ನೂ ಮೇಜಿನ ಮೇಲಿಟ್ಟಳು. "ಯಮುನಾ ಅಂತ ಪೇಷಂಟು, ಲೋಹದ ವಾಲ್ವು. ಬೋರ್ಡಲ್ಲಿ ನೋಡಿ ಫೋಟೋ ತೆಗೆದುಕೊಂಡಿದ್ಲು, ಪಾಯಸ ತಿನ್ಬೋದು ಅಂತ. ಕೇಳ್ದೇನೆ ತಿಂದು ಏನಾದ್ರೂ ಆಗಿದ್ರೆ ಅವಳ ಮನೆಯವರು ಈ ಪುಟ ತಗೊಂಡು ನಿಮ್ಮ ಹತ್ರ ಬರ್ತಿದ್ರು. ನನ್ನ ಹತ್ರಾನೂ ಬರ್ತಿದ್ರು, ಯಾಕಂದ್ರೆ ಕೆಳಗೆ ಹೆಸರು ನಂದೇ ಇತ್ತು."

"ನಿಮ್ಮ ಕಾಂಟ್ರಾಕ್ಟು ಮುಂದಿನ ತಿಂಗಳು ಮುಗಿಯುತ್ತೆ. ನೆನಪಿದೆ ತಾನೇ?"

"ಇದೆ ಸರ್."

"ನೆನಪಿಟ್ಟುಕೊಂಡೇ ಇದನ್ನ ತಂದಿದ್ದೀರಾ?"

"ಹೌದು ಸರ್."

ಅವರು ಪೆನ್ನನ್ನು ಎತ್ತಿಕೊಂಡರು. ಸಹಿ ಹಾಕುವ ಜಾಗದ ಮೇಲೆ ಅದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪುಟವನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿದರು. "ನಿಮ್ಮ ಪಟ್ಟೀನೇ ಹಾಕಿ. ಹಾಳಾಗಿ ಹೋಗ್ಲಿ. ಆದ್ರೆ ಪ್ರೋಗ್ರಾಮಿನ ದಿನ ಯಾರಾದ್ರೂ ನಕ್ಕರೆ ನನ್ನ ಕೇಳ್ಬೇಡಿ."

ಸುಮಿತಾ ತನ್ನ ಪಟ್ಟಿಯನ್ನು ಹಾಗೆಯೇ ಕೊಡಲಿಲ್ಲ. ಯಮುನಾಳ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. 'ಅಳೆದಿಲ್ಲ' ಎಂದರೆ 'ಇಲ್ಲ' ಎಂದಲ್ಲ, 'ಕಡಿಮೆ' ಎಂದೂ ಅಲ್ಲ ಎಂದು ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಇಂಥ ಸೊಪ್ಪನ್ನು ತಿನ್ನುವ ಮುಂಚೆ ನಮ್ಮನ್ನು ಕೇಳಿ, ಮಾತ್ರೆ ನಿಲ್ಲಿಸಬೇಡಿ ಎಂದು ಸೇರಿಸಿದಳು. 'ಈ ಅಂಕಿ ಎಲ್ಲಿಯದು' ಎಂಬ ಕಾಲಮ್ಮನ್ನು ಉಳಿಸಿಕೊಂಡಳು, ಕೆಳಗೆ ತನ್ನ ಹೆಸರನ್ನು ಮತ್ತೆ ಬರೆದಳು.

ಪುಸ್ತಿಕೆ ಬಂತು. ಕಾರ್ಯಕ್ರಮದ ದಿನ ವೇದಿಕೆಯ ಮೇಲಿದ್ದ ಅತಿಥಿಯೊಬ್ಬರು ಪುಟ ತಿರುಗಿಸಿ, "ಇದೇನು, ಹೋಂವರ್ಕ್ ಮುಗಿಸಿಲ್ವಾ?" ಎಂದು ನಕ್ಕದ್ದೂ ನಿಜ. ಜೊತೆಗಿದ್ದವರೂ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಸುಮಿತಾ ಎದ್ದು ನಿಂತು, "ಅಳೆದುಕೊಡೋ ಲ್ಯಾಬು ಯಾವುದಾದ್ರೂ ಇದ್ರೆ ಹೇಳಿ ಸರ್, ನಾಳೆನೇ ಮುಗಿಸ್ತೀನಿ" ಎಂದಳು. ಅತಿಥಿ ನೀರು ಕುಡಿದರು. ಕಾಂಟ್ರಾಕ್ಟು ಮುಂದುವರಿಯಿತು, ವರ್ಷಕ್ಕಲ್ಲ, ಅರ್ಧ ವರ್ಷಕ್ಕೆ. ಪುಸ್ತಿಕೆಯಲ್ಲಿ ಎಲ್ಲರ ಹೆಸರೂ ಇತ್ತು, ಅವಳದಿರಲಿಲ್ಲ. ಅದು ಸೇಡೋ ಮರೆವೋ ಎಂದು ಅವಳು ಯಾರನ್ನೂ ಕೇಳಲಿಲ್ಲ. ಅದರ ಬದಲು ಮೈಸೂರಿನಲ್ಲಿ ತನಗೆ ಪಾಠ ಹೇಳಿದ್ದ ಮೇಡಂಗೆ ಪತ್ರ ಬರೆದು, ಸೊಪ್ಪನ್ನು ಅಳೆದು ಕೊಡಲು ಸಾಧ್ಯವೇ ಎಂದು ಕೇಳಿದಳು.

ಉತ್ತರ ಬಂತು. ಪ್ರಯತ್ನಿಸೋಣ, ಆದರೆ ಒಂದು ಗಿಡದ ಒಂದು ಹಿಡಿ ಸೊಪ್ಪು ತಂದರೆ ಪ್ರಯೋಜನವಿಲ್ಲ, ನಾಲ್ಕಾರು ಜಾಗದ್ದು ಬೇಕು. ಎಲ್ಲಿಯದು, ಯಾವಾಗ ಕೊಯ್ದದ್ದು ಎಂದು ಚೀಟಿ ಅಂಟಿಸಿರಬೇಕು. ಗಿಡ ಇದೇ ಎಂದು ಗುರುತಿಸಲು ಒಂದು ರೆಂಬೆ ಬೇರೆಯಾಗಿ ಬೇಕು. ಕೆ ವಿಟಮಿನ್ ಬೆಳಕಿಗೆ ಹಾಳಾಗುತ್ತದೆ, ಆದ್ದರಿಂದ ಕಪ್ಪು ಚೀಲದಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಟ್ಟು ತರಬೇಕು. ಇಷ್ಟಾದರೂ ಅಂಕಿ ಸಿಕ್ಕೇ ಸಿಗುತ್ತದೆಂದು ಭರವಸೆ ಕೊಡಲಾರೆ, ಆ ಎಲೆಯ ಬಣ್ಣವೇ ಅಳತೆಗೆ ತೊಂದರೆ ಕೊಡಬಹುದು.

ಕಕ್ಕಡ ಹದಿನೆಂಟರ ಬೆಳಿಗ್ಗೆ ಸುಮಿತಾ ರಜೆ ಹಾಕಿ ಚೆಟ್ಟಳ್ಳಿಯ ಮನೆಗೆ ಹೋದಳು. ತಾಯಿ ಮಗಳು ಇಬ್ಬರೂ ಮಳೆಗೆ ಕೊಪ್ಪೆ ಹೊದ್ದು, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ ಹಚ್ಚಿಕೊಂಡು, ತೋಟದ ಬೇಲಿ ಹಿಡಿದು ಹೊರಟರು. ಬೋಜಮ್ಮ ಒಂದು ಗಿಡದ ಮುಂದೆ ನಿಂತು, "ಇದು ತೋಡಿನ ನೀರಿನ ಪಕ್ಕದ್ದು, ಎಲೆ ಕಪ್ಪು. ಮೇಲೆ ರಸ್ತೆ ಬದೀದು ಬಿಸಿಲಿಗೆ ಬೆಳ್ಳಗಾಗಿರ್ತದೆ. ಎರಡೂ ಬೇಕಾ?" ಎಂದಳು.

"ಎರಡೂ ಬೇಕವ್ವ. ಬೇರೆ ಬೇರೆ ಕಟ್ಟು."

"ಇಷ್ಟೆಲ್ಲ ಮಾಡಿ, ಅವ್ರು ಆಗಲ್ಲ ಅಂದ್ರೆ?"

ಸುಮಿತಾ ಕೊಯ್ದ ಸೊಪ್ಪನ್ನು ಕಪ್ಪು ಚೀಲಕ್ಕೆ ತುಂಬಿ ಅದರ ಬಾಯಿ ಕಟ್ಟಿದಳು. "ಆಗಲ್ಲ ಅಂದ್ರೆ ಆಗಲ್ಲ ಅಂತ ಬರೀತೀನಿ. ಆಮೇಲೆ ಬೇರೆ ಲ್ಯಾಬು ಹುಡುಕ್ತೀನಿ."

ಬೋಜಮ್ಮ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ಬದಿಯ ಗಿಡಗಳ ಕಡೆಗೆ ಏರಿ ಹೋದಳು. ಮೈಸೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮಿತಾ ಮಂಜುಗಡ್ಡೆಯ ಡಬ್ಬಿಯನ್ನು ಮರದ ಅಡಿಗೆ ಸರಿಸಿಟ್ಟು, ತಾಯಿಯ ಹಿಂದೆಯೇ ದಿಬ್ಬ ಹತ್ತಿದಳು.